‘ಕಿಕ್ ದ ಬಕೆಟ್’, ‘ಸ್ಪಿಲ್ ದ ಬೀನ್ಸ್’: ಕನ್ನಡದಲ್ಲಿ ಸಹಜವಾಗಿ ಹೇಳುವುದು ಹೇಗೆ?

ಹೊಸಸಾಲು
ಒಂದು ಇಂಗ್ಲಿಷ್ ಸಣ್ಣಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ವಾಕ್ಯದಲ್ಲಿ ಎರಡು ನುಡಿಗಟ್ಟು ಬಂದು ಕೈ ಕಟ್ಟಿಹಾಕಿವೆ. ಮುದುಕ ‘ಕಿಕ್ಡ್ ದ ಬಕೆಟ್’, ರಾತ್ರಿ ಊಟದ ಹೊತ್ತಿಗೆ ಅಡುಗೆಯವಳು ಉಯಿಲಿನ ಬಗ್ಗೆ ‘ಸ್ಪಿಲ್ಡ್ ದ ಬೀನ್ಸ್’. ಕತೆ ಹೇಳುವವನು ಮುದುಕನ ತಮ್ಮನ ಮಗ. ಅವನಿಗೆ ದೊಡ್ಡಪ್ಪನನ್ನು ಕಂಡರೆ ಅಷ್ಟಕ್ಕಷ್ಟೆ. ನಾನು ಬರೆದದ್ದು ಹೀಗಿದೆ:

“ಮುದುಕನು ಅಸುನೀಗಿದನು. ರಾತ್ರಿ ಊಟದ ಹೊತ್ತಿಗೆ ಅಡುಗೆಯವಳು ಉಯಿಲಿನ ಗುಟ್ಟನ್ನು ರಟ್ಟು ಮಾಡಿದ್ದಳು.”

ಅರ್ಥದಲ್ಲಿ ತಪ್ಪಿಲ್ಲ ಅನ್ನಿಸುತ್ತದೆ, ಆದರೆ ಓದಿದರೆ ಪತ್ರಿಕೆಯ ವರದಿಯ ಹಾಗಿದೆ. ಎಲ್ಲಿ ಎಡವುತ್ತಿದ್ದೇನೆ?

ಗಾದೆಗಂಟು
ಗುಟ್ಟು ನಿಲ್ಲದ ಬಾಯಿಗೆ ನಮ್ಮಲ್ಲೇ ಸೊಗಸಾದ ಮಾತಿದೆಯಲ್ಲ, “ಅವಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ”. ಅಲ್ಲಿ ಬೀನ್ಸ್ ಕಾಳು, ಇಲ್ಲಿ ಎಳ್ಳುಕಾಳು. ಇದಕ್ಕಿಂತ ಹೊಂದುವ ಮಾತು ಸಿಕ್ಕೀತೆ? ಇದನ್ನೇ ಹಾಕಿ.

ಕರಡುತಿದ್ದುಗ
ಗಾದೆಗಂಟು ಅವರು ತಂದ ಮಾತು ಚೆನ್ನಾಗಿದೆ, ಆದರೆ ಈ ಜಾಗಕ್ಕೆ ಕೂರುವುದಿಲ್ಲ. ಎಳ್ಳು ನೆನೆಯದಿರುವುದು ಆಕೆಯ ಸ್ವಭಾವ. ‘ಸ್ಪಿಲ್ ದ ಬೀನ್ಸ್’ ಒಂದು ಹೊತ್ತಿನಲ್ಲಿ ನಡೆದುಹೋದ ಕೆಲಸ. “ಊಟದ ಹೊತ್ತಿಗೆ ಅವಳ ಬಾಯಲ್ಲಿ ಎಳ್ಳು ನೆನೆಯಲಿಲ್ಲ” ಎಂದು ಬರೆದರೆ ಊಟದ ಹೊತ್ತಿನ ಘಟನೆಯೇ ಮಾಯವಾಗುತ್ತದೆ, ಉಯಿಲನ್ನು ತಂದು ನಿಲ್ಲಿಸುವುದಕ್ಕೂ ವಾಕ್ಯದಲ್ಲಿ ಜಾಗವಿರುವುದಿಲ್ಲ. ಅಡುಗೆಯವಳು ಕತೆಯೊಳಕ್ಕೆ ಮೊದಲ ಸಲ ಬರುವಾಗ ಆಕೆಯ ಗುಣ ಹೇಳುವ ಸಾಲು ಮೂಲದಲ್ಲಿದ್ದರೆ ಎಳ್ಳನ್ನು ಅಲ್ಲಿ ಬಳಸಿ. ಇಲ್ಲಿ ಕಳೆದುಕೊಂಡ ಬಣ್ಣ ಅಲ್ಲಿ ಸಿಗುತ್ತದೆ.

ಹೊಸಸಾಲು ಅವರೇ, ಕನ್ನಡ ನುಡಿಗಟ್ಟನ್ನು ಹುಡುಕುವ ಮೊದಲು ವಾಕ್ಯವನ್ನು ಬಣ್ಣವಿಲ್ಲದ ಮಾತಿನಲ್ಲಿ ಒಮ್ಮೆ ಬರೆದುಕೊಳ್ಳಿ. “ಮುದುಕ ಸತ್ತ. ಅಡುಗೆಯವಳು ಉಯಿಲಿನ ವಿಷಯ ಹೇಳಿದಳು.” ಇನ್ನು ಇದಕ್ಕೆ ಏನು ಸೇರಬೇಕು ಎಂದು ಕೇಳಿಕೊಳ್ಳಿ. ಮೊದಲ ವಾಕ್ಯಕ್ಕೆ ಬೇಕಾದದ್ದು ಹೇಳುವವನ ಉಡಾಫೆ. ಎರಡನೆಯದಕ್ಕೆ, ಹೇಳಬಾರದ್ದನ್ನು ಹೇಳಿಯಾಯಿತು ಎಂಬ ಭಾವ. ಸೇರಬೇಕಾದದ್ದು ಅಷ್ಟೇ. ನಿಮ್ಮ ‘ಅಸುನೀಗಿದನು’ ಉಡಾಫೆಯ ಬದಲು ಗಾಂಭೀರ್ಯ ತಂದಿದೆ, ಅಂದರೆ ನೇರ ಎದುರು ದಿಕ್ಕು. ‘ಗುಟ್ಟು ರಟ್ಟು’ ಅರ್ಥಕ್ಕೆ ಸರಿ. ಆದರೆ ಅದು ತಲೆಬರಹಗಳಲ್ಲಿ ಸವೆದ ಮಾತು, ಮನೆಯೊಳಗೆ ಕೂತು ಕತೆ ಹೇಳುವ ಹುಡುಗನ ಬಾಯಲ್ಲಿ ಬರುವುದು ಕಷ್ಟ.

ಪದಮೂಲ
ಮೂಲ ತಿಳಿಯದೆ ಅನುವಾದ ಮಾಡುವುದು ಸರಿಯಲ್ಲ. ನೇಣು ಹಾಕಿಕೊಳ್ಳುವವರು ಬಕೆಟ್ ಮೇಲೆ ನಿಂತು ಅದನ್ನು ಒದೆಯುತ್ತಿದ್ದರು, ಅಲ್ಲಿಂದ ಮೊದಲನೆಯದು ಬಂತು. ಪುರಾತನ ಗ್ರೀಸಿನಲ್ಲಿ ಕಾಳು ಹಾಕಿ ಮತ ಚಲಾಯಿಸುತ್ತಿದ್ದರು, ಪಾತ್ರೆ ಉರುಳಿದರೆ ಮತ ಯಾರಿಗೆ ಹೋಗಿದೆ ಎಂದು ಮೊದಲೇ ಬಯಲಾಗುತ್ತಿತ್ತು. ಎರಡನೆಯದು ಅಲ್ಲಿಂದ. ಈ ಚಿತ್ರಗಳನ್ನು ಕನ್ನಡದಲ್ಲೂ ಉಳಿಸಿಕೊಳ್ಳುವ ದಾರಿ ಹುಡುಕಬೇಕು.

ಕರಡುತಿದ್ದುಗ
ಗ್ರೀಕರು ಕಾಳು ಬಳಸಿ ಆಯ್ಕೆ ಮಾಡುತ್ತಿದ್ದದ್ದು ನಿಜ. ಆದರೆ ‘ಸ್ಪಿಲ್ ದ ಬೀನ್ಸ್’ ಗುಟ್ಟು ಹೇಳುವ ಅರ್ಥದಲ್ಲಿ ಕಾಣಿಸುವುದು 20ನೆಯ ಶತಮಾನದ ಆರಂಭದ ಅಮೆರಿಕದಲ್ಲಿ. ನಡುವೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ, ಎರಡನ್ನೂ ಜೋಡಿಸುವ ಆಧಾರ ಇಲ್ಲ. ‘ಕಿಕ್ ದ ಬಕೆಟ್’ 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಮಾಡಿದ ಆಡುಮಾತಿನ ನಿಘಂಟಿನಲ್ಲೇ ಇದೆ. ನೇಣಿನ ಕತೆಯ ಜೊತೆಗೆ, ಕೊಯ್ದ ಹಂದಿಯನ್ನು ತೂಗುಹಾಕುವ ಮರದ ತೊಲೆಗೂ ‘ಬಕೆಟ್’ ಎನ್ನುತ್ತಿದ್ದರು ಎಂಬ ಇನ್ನೊಂದು ವಿವರಣೆಯೂ ಇದೆ. ಯಾವುದೂ ಖಚಿತವಾಗಿಲ್ಲ.

ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಬೇರೆ. ಇಂದು ಇಂಗ್ಲಿಷ್ ಓದುಗನ ಕಣ್ಣ ಮುಂದೆ ಬಕೆಟ್ ಬರುವುದೇ ಇಲ್ಲ. ಅವನಿಗೆ ಕಾಣದ ಬಕೆಟ್ಟನ್ನು ಕನ್ನಡದವರಿಗೆ ತೋರಿಸಿದರೆ ಮೂಲದಲ್ಲಿ ಇಲ್ಲದ ಅಚ್ಚರಿಯೊಂದನ್ನು ನಾವೇ ತುಂಬಿದ ಹಾಗೆ. ಅದೂ ಅಲ್ಲದೆ ಕನ್ನಡದ ಆಡುಮಾತಿನಲ್ಲಿ ‘ಬಕೆಟ್ ಹಿಡಿಯೋದು’ ಎಂದರೆ ಮೇಲಿನವರನ್ನು ಓಲೈಸುವುದು. “ಮುದುಕ ಬಕೆಟ್ ಒದ್ದ” ಎಂದು ಬರೆದರೆ, ಇಷ್ಟು ದಿನ ಯಾರಿಗೋ ಬಕೆಟ್ ಹಿಡಿಯುತ್ತಿದ್ದವನು ಬೇಸತ್ತು ಬಿಟ್ಟ ಎಂದು ಓದಿಕೊಳ್ಳುವವರು ಸಿಗುತ್ತಾರೆ. ತಪ್ಪು ಅರ್ಥವೂ ವಾಕ್ಯದಲ್ಲಿ ಸರಾಗವಾಗಿ ಕೂರುವುದರಿಂದ ಓದುಗನಿಗೆ ಅನುಮಾನವೇ ಬರುವುದಿಲ್ಲ.

ಓದುಗೂಡು
ನನ್ನದೂ ಇದೇ ತೊಂದರೆ! ಒಂದು ಪ್ರವಾಸ ಲೇಖನದಲ್ಲಿ ‘ಬಕೆಟ್ ಲಿಸ್ಟ್’ ಬಂದಿದೆ. ‘ಬಕೆಟ್ ಪಟ್ಟಿ’ ಎಂದು ಹಾಕಿದ್ದೇನೆ. ಸರಿ ತಾನೇ?

ಕರಡುತಿದ್ದುಗ
ಪ್ರಶ್ನೆ ಬೇರೆಯಾದರೂ ಬೇರು ಒಂದೇ. ‘ಬಕೆಟ್ ಒದೆಯುವ’ ಮುನ್ನ ಮಾಡಿಮುಗಿಸಬೇಕಾದವುಗಳ ಪಟ್ಟಿ ಅದು. ‘ಬಕೆಟ್ ಪಟ್ಟಿ’ ಎಂದರೆ ಕನ್ನಡದಲ್ಲಿ ಏನೂ ಹೊಳೆಯುವುದಿಲ್ಲ. ಇಲ್ಲಿ ಹೆಸರುಪದ ಬಿಟ್ಟು ಕ್ರಿಯೆಗೆ ಹೋಗಿ, “ಕಣ್ಣು ಮುಚ್ಚೋದರೊಳಗೆ ಒಮ್ಮೆ ನೋಡಬೇಕಾದ ಜಾಗ” ಎನ್ನಿ. ಲೇಖನ ಯುವಕರಿಗಾದರೆ ‘ಬಕೆಟ್ ಲಿಸ್ಟ್’ ಎಂದೇ ಬಿಟ್ಟರೂ ನಡೆಯುತ್ತದೆ, ಆ ಪದ ಈಗಾಗಲೇ ಓಡಾಡುತ್ತಿದೆ.

ಪೇಟೆಮಾತು
ಮೂಲ ಪ್ರಶ್ನೆಗೆ ಬರೋಣ. ಉಡಾಫೆ ಬೇಕೆಂದರೆ “ಮುದುಕ ಗೊಟಕ್ ಅಂದ”. ಮುಗೀತು. ಇದಕ್ಕೆ ಇಷ್ಟು ಯೋಚನೆ ಯಾಕೆ?

ಹೊಸಸಾಲು
‘ಗೊಟಕ್’ ನನಗೂ ಹೊಳೆದಿತ್ತು. ಆದರೆ ಕತೆಯಲ್ಲಿ ಮುದುಕ ಮೂರು ತಿಂಗಳಿನಿಂದ ಹಾಸಿಗೆ ಹಿಡಿದಿರುತ್ತಾನೆ. ಇನ್ನೊಂದು ವಿಷಯ, ಕತೆ ನಡೆಯುವುದು ಇಂಗ್ಲೆಂಡಿನಲ್ಲಿ. ‘ಶಿವನ ಪಾದ ಸೇರಿದ’ ಎಂದು ಒಮ್ಮೆ ಬರೆದು ಹೊಡೆದುಹಾಕಿದೆ.

ಕರಡುತಿದ್ದುಗ
ಹೊಡೆದುಹಾಕಿದ್ದು ಒಳ್ಳೆಯದಾಯಿತು. ‘ಶಿವನ ಪಾದ ಸೇರಿದ’ ಎಂಬುದರಲ್ಲಿ ಉಡಾಫೆಯೂ ಇದೆ, ಮುದುಕನ ಸಾವಿಗೆ ಹೊಂದುವ ತೂಕವೂ ಇದೆ. ಕೆಟ್ಟುಹೋದ ಫೋನಿಗೂ ಹಾಗೆ ಅನ್ನುತ್ತೇವೆ. ಆದರೆ ಚರ್ಚಿನಲ್ಲಿ ಮಣ್ಣಾಗುವ ಮುದುಕನನ್ನು ಶಿವನ ಪಾದಕ್ಕೆ ಕಳಿಸಿದರೆ ಮುಂದಿನ ಪುಟದ ಪಾದ್ರಿ ಬಂದಾಗ ಓದುಗ ಎಡವುತ್ತಾನೆ. ‘ಗೋವಿಂದ’, ‘ಕೈಲಾಸ’, ‘ವೈಕುಂಠ’ ಇರುವ ಎಲ್ಲ ಮಾತಿಗೂ ಇದೇ ತೊಡಕು.

ದೇವರಿಲ್ಲದ ಮಾತುಗಳನ್ನು ನೋಡೋಣ. ‘ಗೊಟಕ್ ಅಂದ’, ‘ಟಿಕೆಟ್ ತಗೊಂಡ’, ‘ಹೊಗೆ ಹಾಕಿಸ್ಕೊಂಡ’, ‘ನೆಗೆದುಬಿದ್ದ’. ಈ ನಾಲ್ಕೂ ‘ಸತ್ತ’ ಎಂಬುದಕ್ಕಿಂತ ಕೆಳಗಿನ ಮೆಟ್ಟಿಲಿನವು, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ‘ಗೊಟಕ್’ ದಿಢೀರ್ ಸಾವಿನ ಸದ್ದು. ಕೂತಿದ್ದವನು ಕೂತಲ್ಲೇ ಹೋದ ಹಾಗೆ. ‘ಟಿಕೆಟ್ ತಗೊಂಡ’ದಲ್ಲಿ ಹೊರಟುಹೋದ ಎಂಬ ಭಾವ ಮೇಲುಗೈ, ಆದ್ದರಿಂದ ಕಾಯಿಲೆ ಬಿದ್ದು ಸತ್ತವನಿಗೂ ಹೊಂದುತ್ತದೆ. ಆದರೆ ಅದು ಪೇಟೆ ಹುಡುಗರ ಮಾತು. ‘ಹೊಗೆ’ ಇನ್ನೂ ಒರಟು. ‘ನೆಗೆದುಬಿದ್ದ’ ಎಂಬುದರಲ್ಲಿ ದ್ವೇಷವಿದೆ. “ನೆಗೆದುಬಿದ್ದು ಹೋಗ” ಎಂದು ಶಾಪ ಹಾಕುವುದರಿಂದ ಆ ಕಹಿ ಪದಕ್ಕೇ ಅಂಟಿಕೊಂಡಿದೆ. ‘ಕಿಕ್ ದ ಬಕೆಟ್’ನಲ್ಲಿ ಸಾವನ್ನು ಹಗುರಮಾಡುವುದು ಉಂಟು, ಶಪಿಸುವುದು ಇಲ್ಲ.

ನಿಮ್ಮ ಕತೆಗಾರ ದೊಡ್ಡಪ್ಪನನ್ನು ಎಷ್ಟು ದ್ವೇಷಿಸುತ್ತಾನೆ, ಕತೆ ಯಾವ ಕಾಲದ್ದು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಪೇಟೆಮಾತು
‘ಗೊಟಕ್’ ದಿಢೀರ್ ಸಾವಿಗೆ ಮಾತ್ರ ಎಂಬುದನ್ನು ನಾನು ಒಪ್ಪಲ್ಲ. “ಆರು ತಿಂಗಳು ನರಳಿ ಕೊನೆಗೆ ಗೊಟಕ್ ಅಂದ” ಅಂತ ಧಾರಾಳವಾಗಿ ಹೇಳ್ತಾರೆ. ನರಳಾಟ ಎಷ್ಟು ದಿನವಾದರೂ ಇರಲಿ, ಪ್ರಾಣ ಹೋಗೋದು ಒಂದೇ ಕ್ಷಣ. ಇಂಗ್ಲಿಷ್‌ನಲ್ಲೂ ಅಷ್ಟೆ, ಒಬ್ಬ ಮೂರು ತಿಂಗಳಿಂದ ಬಕೆಟ್ ಒದೆಯುತ್ತಾ ಇದ್ದ ಅಂತ ಹೇಳೋಕಾಗಲ್ಲ.

ಕರಡುತಿದ್ದುಗ
ಇಂಗ್ಲಿಷ್ ಬಗ್ಗೆ ನೀವು ಹೇಳಿದ್ದು ಸರಿ, ಆ ನುಡಿಗಟ್ಟು ಕ್ಷಣಕ್ಕೆ ಮಾತ್ರ ಸಲ್ಲುತ್ತದೆ. ಆದರೆ ನಿಮ್ಮ ಉದಾಹರಣೆಯಲ್ಲೇ ‘ಕೊನೆಗೆ’ ಬಂದಿದೆ ನೋಡಿ. ಆ ಪದ ತೆಗೆದು “ಆರು ತಿಂಗಳು ನರಳಿ ಗೊಟಕ್ ಅಂದ” ಎಂದು ಓದಿ. ನನ್ನ ಕಿವಿಗೆ ಒಂದು ಹೆಜ್ಜೆ ತಪ್ಪಿದ ಹಾಗೆ ಕೇಳುತ್ತದೆ. ‘ಕೊನೆಗೂ’ ಸೇರಿಸುವುದಾದರೆ ‘ಗೊಟಕ್’ ಇಲ್ಲೂ ನಡೆಯುತ್ತದೆ, ಒಪ್ಪಿದೆ.

ಪೇಟೆಮಾತು
ನನ್ನ ಕಿವಿಗೆ ಅದು ಇಲ್ಲದೆಯೂ ಸರಿಯಾಗೇ ಇದೆ.

ತೆಂಕುಬಡಗು
ಎಲ್ಲರೂ ಪದದ ಬಗ್ಗೆಯೇ ಮಾತಾಡುತ್ತಿದ್ದೀರಿ, ಅದರ ಬಾಲ ನೋಡಿ. ಹೊಸಸಾಲು ಅವರ ಕರಡು ‘ಮುದುಕನು’, ‘ನೀಗಿದನು’ ಎಂದು ಗ್ರಂಥದ ಭಾಷೆಯಲ್ಲಿ ನಡೆಯುತ್ತಿದೆ. ಅದರೊಳಗೆ ‘ಗೊಟಕ್’ ತಂದು ‘ಮುದುಕನು ಗೊಟಕ್ ಎಂದನು’ ಎಂದು ಬರೆದರೆ ಮುದುಕ ಬಾಯಿಬಿಟ್ಟು ‘ಗೊಟಕ್’ ಎಂಬ ಪದ ಉಚ್ಚರಿಸಿದ ಹಾಗಾಗುತ್ತದೆ. ಆಡುಮಾತಿನ ನುಡಿಗಟ್ಟು ಬೇಕಾದರೆ ಅದರ ಕ್ರಿಯಾಪದವೂ ಆಡುಮಾತಿನದೇ ಆಗಬೇಕು. “ಮುದುಕ ಗೊಟಕ್ ಅಂದ” ಎನ್ನಬೇಕು. ಆಗ ಅಕ್ಕಪಕ್ಕದ ನಾಲ್ಕಾರು ವಾಕ್ಯಗಳೂ ಅದೇ ದಾರಿಗೆ ಬರಬೇಕಾಗುತ್ತದೆ. ಇಡೀ ಕತೆ ಬರಹದ ಭಾಷೆಯಲ್ಲೇ ಇರಬೇಕೆಂದರೆ ‘ಗೊಟಕ್’ ಕೈಬಿಟ್ಟು ಬೇರೆ ಕಡೆ ಉಡಾಫೆ ತೋರಿಸಿ. ಉತ್ತರ ಕರ್ನಾಟಕದ ಮಾತಿನಲ್ಲಿ ಬರೆಯುವವರಾದರೆ ‘ಗೊಟಕ್ ಅಂದಾನ’ ಎಂದಾಗಬಹುದು, ಆದರೆ ಒಂದು ವಾಕ್ಯಕ್ಕೆ ಮಾತ್ರ ಹಾಗೆ ಮಾಡಿದರೆ ತೇಪೆ ಕಾಣುತ್ತದೆ.

ಹೊಸಸಾಲು
ಇದು ನನಗೆ ಹೊಳೆದೇ ಇರಲಿಲ್ಲ. ಕತೆಗಾರ ಉತ್ತಮ ಪುರುಷದಲ್ಲಿ ಹೇಳುತ್ತಾನೆ, ಹಾಗಾಗಿ ಇಡೀ ನಿರೂಪಣೆಯನ್ನು ಆಡುಮಾತಿಗೆ ಹತ್ತಿರ ತರಬಹುದು. ಇನ್ನು ಅಡುಗೆಯವಳು? ‘ಬಾಯಿಬಿಟ್ಟಳು’ ಹೇಗೆ?

ಕರಡುತಿದ್ದುಗ
ತೆಂಕುಬಡಗು ಅವರ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ.

‘ಬಾಯಿಬಿಡು’ ಬಗ್ಗೆ ಎಚ್ಚರ ಬೇಕು. “ಅವಳು ಉಯಿಲಿನ ವಿಷಯ ಬಾಯಿಬಿಟ್ಟಳು” ಎಂಬ ಒಂದೇ ವಾಕ್ಯವನ್ನು ಕತೆ ಗೊತ್ತಿಲ್ಲದ ಯಾರಿಗಾದರೂ ಕೊಟ್ಟು, ಏನು ನಡೆದಿರಬಹುದು ಎಂದು ಕೇಳಿ. ಯಾರೋ ಒತ್ತಾಯ ಮಾಡಿರಬೇಕು, ಗದರಿಸಿರಬೇಕು, ಪೊಲೀಸರು ಬಂದಿರಬೇಕು ಎನ್ನುವವರೇ ಹೆಚ್ಚು. ಮುಚ್ಚಿಟ್ಟುಕೊಂಡಿದ್ದವರು ಒತ್ತಡಕ್ಕೆ ಮಣಿದು ಹೇಳುವುದೇ ಬಾಯಿಬಿಡುವುದು. ಆರೋಪಿ ಬಾಯಿಬಿಡುತ್ತಾನೆ. ನಿಮ್ಮ ಅಡುಗೆಯವಳ ಮೇಲೆ ಯಾರ ಒತ್ತಡವೂ ಇಲ್ಲವಲ್ಲ. ಹೀಗೆ ಒಂಟಿ ವಾಕ್ಯವನ್ನು ಇನ್ನೊಬ್ಬರ ಮುಂದಿಟ್ಟು ಅವರು ಕಟ್ಟುವ ಕತೆ ಕೇಳಿದರೆ, ಮೂಲದಲ್ಲಿ ಇಲ್ಲದ ಯಾವುದನ್ನು ಕನ್ನಡ ನುಡಿಗಟ್ಟು ತನ್ನ ಜೊತೆ ಹೊತ್ತು ತಂದಿದೆ ಎಂದು ತಿಳಿಯುತ್ತದೆ.

ಸ್ವಾರಸ್ಯವೆಂದರೆ, ನಿಷೇಧದಲ್ಲಿ ಈ ಒತ್ತಡ ಮಾಯವಾಗುತ್ತದೆ. “ಯಾರ ಹತ್ರಾನೂ ಬಾಯಿಬಿಡಬೇಡ” ಎಂಬುದು ಗೆಳೆಯರ ನಡುವೆಯೂ ಸಹಜ. ‘ಡೋಂಟ್ ಸ್ಪಿಲ್ ದ ಬೀನ್ಸ್’ ಬಂದಾಗ ಕಣ್ಣುಮುಚ್ಚಿ ಹಾಕಬಹುದು. ‘ತುಟಿ ಪಿಟಕ್ಕೆನ್ನಬೇಡ’ ಕೂಡ ಹೊಂದುತ್ತದೆ. ಒಂದೇ ಇಂಗ್ಲಿಷ್ ನುಡಿಗಟ್ಟು ‘ಮಾಡಿದ’ ಎಂಬಲ್ಲಿ ಒಂದು, ‘ಮಾಡಬೇಡ’ ಎಂಬಲ್ಲಿ ಇನ್ನೊಂದು ಕನ್ನಡ ಮಾತು ಕೇಳುತ್ತದೆ. ಆದ್ದರಿಂದ ಕತೆಯಲ್ಲಿ ಅದು ಎರಡು ಕಡೆ ಬಂದರೆ ಹುಡುಕಿ-ಬದಲಿಸು ಒತ್ತಬೇಡಿ.

ಗಾದೆಗಂಟು
‘ಕಕ್ಕಿದಳು’? ‘ಎಲ್ಲ ಕಕ್ಕಿಬಿಟ್ಟಳು’ ಎಂದರೆ ಚೆಲ್ಲುವ ಚಿತ್ರವೂ ಉಳಿಯುತ್ತದೆ.

ಕರಡುತಿದ್ದುಗ
ಕಕ್ಕುವುದರಲ್ಲೂ ಒತ್ತಡವಿದೆ, ಜೊತೆಗೆ ಹೇಳುವವರ ಬಗ್ಗೆ ತಿರಸ್ಕಾರವೂ ಇದೆ. ಇನ್ನು ಬೇಕೆಂದೇ ಕೇಡು ಬಗೆದು ಹೇಳಿದ್ದರೆ ‘ಕಿವಿ ಊದಿದಳು’ ಎನ್ನಬೇಕಿತ್ತು. ತಿಳಿಯದೆ ಹೇಳಿದ್ದರೆ ‘ಬಾಯಿ ತಪ್ಪಿ ಅಂದುಬಿಟ್ಟಳು’. ಹೊಸಸಾಲು ಅವರೇ, ಮೂಲದಲ್ಲಿ ಆಕೆ ಯಾಕೆ ಹೇಳುತ್ತಾಳೆ?

ಹೊಸಸಾಲು
ತಡೆಯಲಾರದೆ. ಕೇಡಿನ ಉದ್ದೇಶವಿಲ್ಲ, ಬಾಯಿ ತಪ್ಪಿದ್ದೂ ಅಲ್ಲ. ತನಗೆ ಮಾತ್ರ ಗೊತ್ತಿರುವ ವಿಷಯ ಹೇಳುವ ಖುಷಿ. ಸೂಪು ಬಡಿಸುತ್ತಾ ಹೇಳಿಬಿಡುತ್ತಾಳೆ.

ಕರಡುತಿದ್ದುಗ
ಉತ್ತರ ನೀವೇ ಬರೆದಿದ್ದೀರಿ, ‘ಹೇಳಿಬಿಡುತ್ತಾಳೆ’. ನುಡಿಗಟ್ಟಿನ ಎದುರು ನುಡಿಗಟ್ಟೇ ಇರಬೇಕು ಎಂಬ ಹಟದಿಂದ ಬಹಳ ಅನುವಾದಗಳು ಬಿಗಿಯುತ್ತವೆ. ಇಂಗ್ಲಿಷ್ ನುಡಿಗಟ್ಟಿನಿಂದ ಮಾಡಿಸುವ ಕೆಲಸವನ್ನು ಕನ್ನಡ ಎಷ್ಟೋ ಸಲ ಎರಡನೆಯ ಕ್ರಿಯಾಪದದಿಂದ ಮಾಡಿಸುತ್ತದೆ. ‘ಹೇಳಿದಳು’ ಬರಿಯ ಸುದ್ದಿ. ‘ಹೇಳಿಬಿಟ್ಟಳು’ ಎಂದಾಗ, ಹೇಳಬಾರದಿತ್ತು, ಇನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಎಂಬ ಎರಡೂ ಬಂದವು. ‘ಸ್ಪಿಲ್’ ಮಾಡುತ್ತಿದ್ದ ಕೆಲಸ ಅದೇ, ಚೆಲ್ಲಿದ್ದು ಚೆಲ್ಲಿಹೋಯಿತು. ಈ ‘ಬಿಡು’ ನಿಘಂಟಿನಲ್ಲಿ ‘ಸ್ಪಿಲ್ ದ ಬೀನ್ಸ್’ ಎದುರು ಎಂದೂ ಸಿಗುವುದಿಲ್ಲ, ಏಕೆಂದರೆ ಅದು ಪದವಲ್ಲ, ವಾಕ್ಯ ನಡೆಯುವ ರೀತಿ.

ಒಂದು ಮಿತಿ ಇದೆ. ಮೂಲದಲ್ಲಿ ಬೀನ್ಸನ್ನು ಪಾಲು ಮಾಡಿದ್ದರೆ, ಅಂದರೆ ಅರ್ಧ ಬೀನ್ಸ್ ಮಾತ್ರ ಚೆಲ್ಲಿದಳು ಎಂಬಂಥ ಮಾತಿದ್ದರೆ, ‘ಹೇಳಿಬಿಟ್ಟಳು’ ಸಾಲದು. ‘ಅರ್ಧ’ವನ್ನು ತಗುಲಿಹಾಕಲು ಒಂದು ಹೆಸರುಪದ ಬೇಕು. ಆಗ ಗುಟ್ಟು ವಾಪಸ್ ಬರಲಿ, “ಅರ್ಧ ಗುಟ್ಟು ಮಾತ್ರ ಬಿಟ್ಟುಕೊಟ್ಟಳು”. ‘ಗುಟ್ಟು ಬಿಟ್ಟುಕೊಡು’ ಎಂಬುದು ‘ಗುಟ್ಟು ರಟ್ಟು’ವಿನಷ್ಟು ಸವೆದಿಲ್ಲ, ಬರಹಕ್ಕೂ ಮಾತಿಗೂ ಒಗ್ಗುತ್ತದೆ. ಬಕೆಟ್ಟಿಗೆ ಈ ಚಿಂತೆಯೇ ಇಲ್ಲ, ಅರ್ಧ ಬಕೆಟ್ ಒದೆಯಲು ಬರುವುದಿಲ್ಲ. ಅದು ಒಂದೇ ಗಂಟು.

ಪದಮೂಲ
ಇಂಥವನ್ನು ಹುಡುಕಲು ಇಂಗ್ಲಿಷ್-ಕನ್ನಡ ನಿಘಂಟು ಸಾಲದು ಎಂದಾದರೆ ಇನ್ನೆಲ್ಲಿ ನೋಡಬೇಕು?

ಕರಡುತಿದ್ದುಗ
ದಿಕ್ಕು ತಿರುಗಿಸಿ. ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ‘ಕಿಕ್ ದ ಬಕೆಟ್’ ನೋಡಿದರೆ ಸಿಗುವುದು ಹೆಚ್ಚಾಗಿ ‘ಸಾಯು’ ಎಂಬ ವಿವರಣೆ. ಅದರ ಬದಲು ಕನ್ನಡದಿಂದ ಹೊರಡುವ ನಿಘಂಟು ತೆರೆಯಿರಿ. 1894ರ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಯಾವುದಾದರೂ ಆಗಬಹುದು. ಗುಟ್ಟಿನ ವಿಷಯವಾದರೆ ‘ಬಾಯಿ’, ‘ತುಟಿ’, ‘ಹೊಟ್ಟೆ’, ‘ಕಿವಿ’ ನೋಡಿ. ಸಾವಿನ ವಿಷಯವಾದರೆ ‘ಉಸಿರು’, ‘ಕಣ್ಣು’, ‘ಪ್ರಾಣ’. ನಮ್ಮ ನುಡಿಗಟ್ಟುಗಳಲ್ಲಿ ಬಹಳಷ್ಟು ಮೈಯ ಅಂಗಗಳ ಸುತ್ತ ಹೆಣೆದುಕೊಂಡಿವೆ. ಆ ನಮೂದಿನ ಕೆಳಗಿನ ಜೋಡಿಪದಗಳನ್ನು ಓದುತ್ತಾ ಹೋದರೆ, ಮರೆತಿದ್ದ ಮಾತು ನೆನಪಾಗುತ್ತದೆ. ಆದರೆ ಹಳೆಯ ನಿಘಂಟು ಇಂದಿನ ಆಡುಮಾತಿನ ಮೆಟ್ಟಿಲು ಹೇಳುವುದಿಲ್ಲ. ‘ಟಿಕೆಟ್ ತಗೊಂಡ’ ಕಿಟೆಲ್‌ನಲ್ಲಿ ಎಲ್ಲಿಂದ ಬರಬೇಕು?

ಅಡಿಬರಹ
ಕಾಣದ ಬಕೆಟ್ ತೋರಿಸಬೇಡಿ ಎಂದಿರಿ. ನಾನು ಸಬ್‌ಟೈಟಲ್ ಮಾಡುವವನು. ದೃಶ್ಯದಲ್ಲಿ ನಿಜವಾಗಿಯೂ ಬಕೆಟ್ ಇದ್ದರೆ? ಸಾಯುತ್ತಿರುವವನ ಕಾಲು ತಗುಲಿ ಬಕೆಟ್ ಹಾರಿಬೀಳುತ್ತದೆ, ಪಕ್ಕದಲ್ಲಿದ್ದವನು ಆ ನುಡಿಗಟ್ಟು ಹೇಳುತ್ತಾನೆ, ಎಲ್ಲರೂ ನಗುತ್ತಾರೆ. ಇಲ್ಲಿ ‘ಗೊಟಕ್ ಅಂದ’ ಹಾಕಿದರೆ ಕನ್ನಡದವರಿಗೆ ನಗು ಯಾಕೆಂದೇ ತಿಳಿಯುವುದಿಲ್ಲ.

ಕರಡುತಿದ್ದುಗ
ಇಲ್ಲಿ ಮಾತ್ರ ಚಿತ್ರವೇ ಮುಖ್ಯ, ಅರ್ಥ ಎರಡನೆಯದು. ಪರದೆಯ ಮೇಲೆ ಕಾಣುವ ಚಲನೆಗೆ ಹೊಂದುವ ಸಾವಿನ ಮಾತು ಕನ್ನಡದಲ್ಲಿದೆಯೇ ಎಂದು ನೋಡಬೇಕು. ಬಕೆಟ್ ಹಾರಿಬೀಳುತ್ತದೆ ಎಂದಿರಿ, ನಮ್ಮಲ್ಲಿ ‘ನೆಗೆದುಬಿದ್ದ’ ಇದೆ. “ಮುದುಕನೂ ನೆಗೆದುಬಿದ್ದ, ಬಕೆಟ್ಟೂ ನೆಗೆದುಬಿತ್ತು.” ಕಣ್ಣಿಗೆ ಕಾಣುವುದೂ ಕಿವಿಗೆ ಬೀಳುವುದೂ ಒಂದಾಗುತ್ತವೆ.

ತೆಂಕುಬಡಗು
ಆದರೆ ನೀವೇ ಹೇಳಿದಿರಿ, ‘ನೆಗೆದುಬಿದ್ದ’ದಲ್ಲಿ ಶಾಪದ ಕಹಿ ಇದೆ ಎಂದು. ಸತ್ತವನ ಸ್ನೇಹಿತನೇ ಆ ಮಾತು ಹೇಳುತ್ತಿದ್ದರೆ ಪಾತ್ರವೇ ಕೆಟ್ಟುಹೋಗುತ್ತದೆ. ನಗು ಉಳಿಸಿಕೊಳ್ಳಲು ಪಾತ್ರ ಕಳೆದುಕೊಳ್ಳುವುದು ನನಗೆ ಸರಿಕಾಣದು.

ಅಡಿಬರಹ
ಹೇಳುವವನು ಸ್ನೇಹಿತನಲ್ಲ, ಗುರುತಿಲ್ಲದ ದಾರಿಹೋಕ. ಹಾಗಿದ್ದರೂ ಅನುಮಾನವೇ. ‘ಉರುಳಿಹೋದ’ ಎಂದರೆ ಕಹಿ ಕಡಿಮೆಯಾಗುತ್ತದೆ, ಆದರೆ ಸಾವು ಅಷ್ಟು ಥಟ್ಟನೆ ಹೊಳೆಯುವುದಿಲ್ಲ. ಸಬ್‌ಟೈಟಲ್ ಪರದೆಯ ಮೇಲೆ ಇರುವ ಹೊತ್ತಿನಲ್ಲಿ ಅರ್ಥವಾಗದಿದ್ದರೆ ಹೋಯಿತು, ಓದುಗನ ಹಾಗೆ ಹಿಂದಿನ ಸಾಲಿಗೆ ಹೋಗಲು ಬರುವುದಿಲ್ಲ. ಎರಡನ್ನೂ ದೃಶ್ಯದ ಜೊತೆ ಓಡಿಸಿ ನೋಡುತ್ತೇನೆ.

ಹೊಸಸಾಲು
ತಿದ್ದಿದ ಸಾಲು ಹಾಕುತ್ತಿದ್ದೇನೆ:

“ಮೂರು ತಿಂಗಳು ಹಾಸಿಗೆ ಹಿಡಿದಿದ್ದ ಮುದುಕ ಕೊನೆಗೂ ಗೊಟಕ್ ಅಂದ. ರಾತ್ರಿ ಊಟದ ಹೊತ್ತಿಗೆ, ಸೂಪು ಬಡಿಸ್ತಾ ಬಡಿಸ್ತಾನೇ, ಅಡುಗೆಯವಳು ಉಯಿಲಿನ ವಿಷಯ ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು.”

ಇದೇ ಕತೆಗಾರ ಮುಂದಿನ ಪುಟದಲ್ಲಿ ಮುದುಕನ ಹೆಂಡತಿಯ ಎದುರು ಸಾವಿನ ಮಾತೆತ್ತುತ್ತಾನೆ. ಅಲ್ಲಿ ಇಂಗ್ಲಿಷ್ ಮೂಲವೂ ಮೆತ್ತಗಾಗುತ್ತದೆ. “ದೊಡ್ಡಪ್ಪ ಹೋಗಿಬಿಟ್ಟರು, ದೊಡ್ಡಮ್ಮ” ಎಂದು ಬರೆದಿದ್ದೇನೆ.

ಕರಡುತಿದ್ದುಗ
ಎರಡನೆಯದನ್ನು ಮುಟ್ಟಬೇಡಿ. ‘ಗೊಟಕ್ ಅಂದ’ ಓದಿದ ಕಣ್ಣಿಗೆ ಅದೇ ಬಾಯಲ್ಲಿ ‘ಹೋಗಿಬಿಟ್ಟರು’ ಎಂಬ ಬಹುವಚನ ಬಂದಾಗ, ಅವನು ದೊಡ್ಡಮ್ಮನ ಮುಂದೆ ನಟಿಸುತ್ತಿದ್ದಾನೆ ಎಂದು ಬೇರೆ ಹೇಳಬೇಕಾಗಿಲ್ಲ. ಮೊದಲ ಸಾಲಿನಲ್ಲಿ ‘ಬಡಿಸ್ತಾ ಬಡಿಸ್ತಾನೇ’ ಆಡುಮಾತು, ‘ಹೇಳಿಬಿಟ್ಟಿದ್ದಳು’ ಬರಹದ ರೂಪ. ‘ಹೇಳ್ಬಿಟ್ಟಿದ್ಲು’ ಮಾಡಿ, ಇಲ್ಲವೇ ‘ಬಡಿಸುತ್ತಲೇ’ ಮಾಡಿ. ಯಾವುದಾದರೂ ಒಂದು.

ಪೇಟೆಮಾತು
‘ಕೊನೆಗೂ’ ತೆಗೆದರೂ ನಡೆಯುತ್ತೆ ಅಂತ ನನ್ನ ಅಭಿಪ್ರಾಯ ಹಾಗೇ ಇದೆ.

ಹೊಸಸಾಲು
‘ಕೊನೆಗೂ’ ಇಟ್ಟುಕೊಳ್ಳುತ್ತೇನೆ, ಅವನ ಕಾಯುವಿಕೆಯೂ ಅದರಲ್ಲಿ ಕಾಣುತ್ತದೆ. ‘ಹೇಳ್ಬಿಟ್ಟಿದ್ಲು’ ಮಾಡಿದೆ. ಮೊದಲ ಪುಟದಲ್ಲಿ ಅಡುಗೆಯವಳ ಗುಣ ಹೇಳುವ ಸಾಲೊಂದು ನಿಜವಾಗಿಯೂ ಇದೆ. ಎಳ್ಳನ್ನು ಅಲ್ಲಿಗೆ ಕೂರಿಸುತ್ತೇನೆ, ಗಾದೆಗಂಟು ಅವರೇ.